ಸಾಲಿನ ಕೊನೆಯ ಅಡ್ಡಗೆರೆ

ಟೈಪ್‌ರೈಟರ್ ರಿಪೇರಿ ನನ್ನ ಕಸುಬು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಹಾಸನದ ಒಂದು ರಿಪೇರಿ ಅಂಗಡಿಯಲ್ಲಿ ಸೀಮೆಎಣ್ಣೆಯಲ್ಲಿ ಅಕ್ಷರದ ಕಡ್ಡಿ ತೊಳೆಯುತ್ತಾ ಕೆಲಸ ಕಲಿತೆ. ಆಮೇಲೆ ನನ್ನದೇ ಚೀಲ ಹೆಗಲಿಗೇರಿಸಿಕೊಂಡು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಎಂದು ಬಸ್ಸಿನಲ್ಲಿ ತಿರುಗಿದೆ. ಈ ಊರುಗಳ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಾಗಲಿ ಕಚೇರಿಗಳಲ್ಲಾಗಲಿ ನನ್ನ ಕೈ ತಾಗದ ಯಂತ್ರ ಕಡಿಮೆ. ಇಂಗ್ಲಿಷಿನ ಅಕ್ಷರಗಳೆಲ್ಲ ಗೊತ್ತು, ಕಡ್ಡಿಯ ಮೇಲೆ ತಿರುಗುಮುರುಗಾಗಿ ಕೂತಿದ್ದರೂ ಗೊತ್ತು. ಅವೆಲ್ಲ ಸೇರಿ ಏನು ಹೇಳುತ್ತವೆ ಎನ್ನುವುದು ಮಾತ್ರ ಅರ್ಧಂಬರ್ಧ. ಅದಕ್ಕಾಗಿ ಯಾರ ಮುಂದೆಯೂ ನಾಚಿಕೊಂಡವನಲ್ಲ. ನನ್ನ ಕೆಲಸ ನನಗೆ ಬರುತ್ತಿತ್ತು, ಅವರ ಕೆಲಸ ಅವರಿಗೆ.

ನನ್ನ ಹೆಂಡತಿ ಸಿಕ್ಕಿದ್ದು ಹೊಳೆನರಸೀಪುರದ ಇನ್‌ಸ್ಟಿಟ್ಯೂಟಿನಲ್ಲಿ. ಇಂಗ್ಲಿಷ್ ಟೈಪಿಂಗಿನ ಸೀನಿಯರ್ ಪರೀಕ್ಷೆ ಪಾಸಾಗಿ ಅಲ್ಲೇ ಕಲಿಸುತ್ತಿದ್ದಳು. ಕಿಟಕಿ ಪಕ್ಕದ ಯಂತ್ರದಲ್ಲಿ ಗಂಟೆ ಹೊಡೆಯುತ್ತಿಲ್ಲ ಎಂದು ಮೂರು ಸಲ ಕರೆಸಿದಳು. ಮೂರನೇ ಸಲ ನೋಡಿದರೆ ಗಂಟೆಗೆ ಏನೂ ಆಗಿರಲಿಲ್ಲ. ಇವತ್ತಿಗೂ ಕೇಳಿದರೆ, ‘ಅಂಗೇನಿಲ್ಲ, ನಿಜವಾಗ್ಲೂ ಕೆಟ್ಟಿತ್ತು’ ಎನ್ನುತ್ತಾಳೆ.

ಆ ಗಂಟೆಯ ವಿಚಾರ ಸ್ವಲ್ಪ ಹೇಳಬೇಕು. ಟೈಪ್‌ರೈಟರಿನಲ್ಲಿ ಸಾಲು ಮುಗಿಯುವುದಕ್ಕೆ ಕೆಲವು ಅಕ್ಷರ ಮುಂಚೆ ಟಿಣ್ ಎಂದು ಗಂಟೆ ಹೊಡೆಯುತ್ತದೆ. ಕೈಯಲ್ಲಿರುವ ಪದ ಚಿಕ್ಕದಾದರೆ ಮುಗಿಸಿ ಕೆಳಗಿನ ಸಾಲಿಗೆ ಹೋಗಬೇಕು. ಉದ್ದವಾದರೆ ಸರಿಯಾದ ಜಾಗದಲ್ಲಿ ಮುರಿದು, ಒಂದು ಅಡ್ಡಗೆರೆ ಹಾಕಿ, ಉಳಿದ ಅರ್ಧವನ್ನು ಕೆಳಗೆ ಹೊಡೆಯಬೇಕು. ಆ ಅಡ್ಡಗೆರೆಯೇ ಹೈಫನ್. ಪದವನ್ನು ಎಲ್ಲಿ ಮುರಿಯಬೇಕು ಎಂಬುದರಲ್ಲಿ ನನ್ನ ಹೆಂಡತಿಗೆ ಪರೀಕ್ಷೆಯಲ್ಲಿ ಒಂದೂ ಮಾರ್ಕು ಹೋಗಿರಲಿಲ್ಲ. ಅವಳ ಪುಟದ ಬಲಗಡೆ ಅಂಚು ಕತ್ತರಿಸಿದ ಹಾಗೆ ಇರುತ್ತಿತ್ತು.

ಮದುವೆಯಾದ ಮೇಲೆ ಹಾಸನದಲ್ಲಿ ಒಂದು ಜಾಬ್ ಟೈಪಿಂಗ್ ಅಂಗಡಿ ಹಾಕಿದೆವು. ಅವಳು ಟೈಪ್ ಮಾಡುವುದು, ನಾನು ಯಂತ್ರ ನೋಡಿಕೊಳ್ಳುವುದು, ಗಿರಾಕಿ ಮಾತಾಡಿಸುವುದು. ತೊಂಬತ್ತರ ದಶಕ ಮುಗಿಯುತ್ತಾ ಬಂದಂತೆ ನನ್ನ ರಿಪೇರಿ ಚೀಲ ಹಗುರವಾಯಿತು. ಇನ್‌ಸ್ಟಿಟ್ಯೂಟುಗಳಲ್ಲಿ ಯಂತ್ರಗಳಿಗೆ ಬಟ್ಟೆ ಹೊದಿಸಿಟ್ಟು ಕಂಪ್ಯೂಟರ್ ಕ್ಲಾಸ್ ಎಂದು ಬೋರ್ಡು ಬರೆಸಿದರು. ನಾವೂ ಒಂದು ಕಂಪ್ಯೂಟರ್ ತಂದೆವು. ಮೊದಮೊದಲು ಅವಳು ಅದರ ಮುಂದೆ ಕೂತು, ‘ಇದ್ರಲ್ಲಿ ಗಂಟೆ ಎಲ್ರೀ?’ ಎಂದಳು. ಗಂಟೆ ಇಲ್ಲದಿದ್ದರೇನು, ಅವಳ ತಲೆಯೊಳಗೇ ಹೊಡೆಯುತ್ತಿತ್ತು. ಸಾಲು ತುಂಬುತ್ತಾ ಬಂದಿತೆಂದರೆ ಪದ ಮುರಿದು, ಹೈಫನ್ ಹಾಕಿ, ಎಂಟರ್ ಒತ್ತಿ ಕೆಳಗಿಳಿಯುತ್ತಿದ್ದಳು. ಕಂಪ್ಯೂಟರ್ ತಾನೇ ಸಾಲು ಮಡಿಸಿಕೊಳ್ಳುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗಂತೂ ಗೊತ್ತಿರಲಿಲ್ಲ. ಟೈಪ್‌ರೈಟರಿನಿಂದ ಬಂದವರೆಲ್ಲ ಹಾಗೇ ಮಾಡುತ್ತಿದ್ದರು. ಬಿಳಿ ಹಾಳೆಯ ಮೇಲೆ ಇಳಿದಾಗ ಚೆನ್ನಾಗಿಯೇ ಕಾಣುತ್ತಿತ್ತು.

ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ, ಅಂದರೆ ಪಲ್ಪರ್, ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇತ್ತು. ಅವರ ಪತ್ರ, ಕೊಟೇಶನ್ನು ಎಲ್ಲ ನಮ್ಮಲ್ಲೇ ಟೈಪ್ ಆಗುತ್ತಿತ್ತು. ಬೇರೆ ಗಿರಾಕಿ ಬರಲಿ ಬಿಡಲಿ, ಆ ಕಾರ್ಖಾನೆಯ ಕೆಲಸ ಇದ್ದರೆ ನಮ್ಮ ಅಂಗಡಿ ಇತ್ತು. ಅಲ್ಲಿನ ಮ್ಯಾನೇಜರು ಹೊಳೆನರಸೀಪುರದವರು, ತಲೆತಲಾಂತರದಿಂದ ದೇವಸ್ಥಾನದ ಬೀದಿಯಲ್ಲಿದ್ದ ಮನೆತನ. ಚೆನ್ನಾಗಿ ಇಂಗ್ಲಿಷ್ ಬಲ್ಲವರು, ಕೆಂಪು ಶಾಯಿಯ ಪೆನ್ನು ಜೇಬಿನಲ್ಲಿ ಇಲ್ಲದೆ ಓಡಾಡಿದವರಲ್ಲ. ಒಂದು ಸಲ ಅವರ ಕಾರ್ಖಾನೆಯ ಪರಿಚಯ ಪುಸ್ತಿಕೆ ನಮಗೆ ಕೊಟ್ಟರು. ಹೊರದೇಶದ ತೋಟದವರು ಯಂತ್ರ ನೋಡಲು ಬರುವವರಿದ್ದರು, ಅವರ ಕೈಗೆ ಕೊಡುವುದಕ್ಕೆ.

ಹೆಂಡತಿ ಅಷ್ಟೂ ಹೊಡೆದು ಮುಗಿಸಿದಳು. ನಾನೇ ತೆಗೆದುಕೊಂಡು ಹೋಗಿ ತೋರಿಸಿದೆ. ಮ್ಯಾನೇಜರು ಮೆಚ್ಚಿಕೊಂಡರು. ‘ಅಕ್ಷರ ಸ್ವಲ್ಪ ದಪ್ಪ ಮಾಡಿಸ್ರೀ, ವಯಸ್ಸಾದವರೂ ಓದ್ತಾರೆ’ ಎಂದರು. ಅಷ್ಟೇ. ಅಂಗಡಿಗೆ ಬಂದು ಅಕ್ಷರ ದೊಡ್ಡದು ಮಾಡಿ, ಪ್ರಿಂಟ್ ತೆಗೆದು, ಹೆಚ್ಚು ನೋಡದೆ ಕಳಿಸಿದೆವು.

ಮಾರನೆಯ ದಿನ ಪ್ರೂಫು ವಾಪಸು ಬಂತು. ಬಂದದ್ದು ಮ್ಯಾನೇಜರ ಜೊತೆಯಲ್ಲೇ. ಪುಟದ ತುಂಬಾ ಕೆಂಪು ಸುತ್ತು. ಅಕ್ಷರ ದಪ್ಪವಾದಾಗ ಒಂದೊಂದು ಸಾಲಿನ ಬಾಲವೂ ಕೆಳಕ್ಕೆ ಬಿದ್ದಿತ್ತು. ಅಲ್ಲಿ ನಾವು ಒತ್ತಿದ ಎಂಟರ್ ಕಾದಿತ್ತು. ಒಂದು ಉದ್ದ ಸಾಲು, ಅದರ ಕೆಳಗೆ ಎರಡೇ ಪದದ ಮೋಟು ಸಾಲು, ಮತ್ತೆ ಉದ್ದ ಸಾಲು. ಮುರಿದ ಪದಗಳ ಹೈಫನ್ನುಗಳು ಅಂಚಿನಲ್ಲಿರುವ ಬದಲು ಪುಟದ ನಡುವೆ ಬಂದು ನಿಂತಿದ್ದವು.

‘ಏನ್ರೀ ಇದು? ಇದನ್ನ ಕೊಟ್ರೆ ನಮ್ಮ ಯಂತ್ರಾನೂ ಹೀಗೇ ಸಿಪ್ಪೆ ಅರ್ಧ ಸುಲಿಯುತ್ತೆ ಅಂದ್ಕೊಳ್ತಾರೆ’ ಎಂದರು ಮ್ಯಾನೇಜರು. ‘ಅವರು ಮೊದಲು ಓದೋದು ಇದನ್ನ, ಯಂತ್ರ ನೋಡೋದು ಆಮೇಲೆ. ಸೋಮವಾರ ಚನ್ನರಾಯಪಟ್ಟಣದ ಪ್ರೆಸ್ಸಿಗೆ ಹೋಗ್ಬೇಕು. ನಿಮ್ಮ ಕೈಲಾಗಲ್ಲ ಅಂದ್ರೆ ಈಗಲೇ ಹೇಳಿಬಿಡಿ. ನಮ್ಮ ಯಜಮಾನರು ಆಗ್ಲೇ ಅಂತಿದಾರೆ, ಎಲ್ಲಾ ಕೆಲಸಾನೂ ಬೆಂಗಳೂರಿನಲ್ಲೇ ಮಾಡಿಸಿಬಿಡೋಣ ಅಂತ.’

‘ಆಯ್ತದೆ ಸಾ. ಸೋಮ್ವಾರ ನೀವೇ ನೋಡೀರಂತೆ’ ಎಂದೆ. ಹೇಗೆ ಆಗುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಅವರು ಹೋದ ಮೇಲೆ ಹೆಂಡತಿ ಕಂಪ್ಯೂಟರಿನ ಮೇಲೆ ಹೊದಿಕೆ ಎಳೆದಳು. ‘ನಂಗೆ ಇದು ಬ್ಯಾಡ ಕಣ್ರೀ. ಟೈಪ್ ಮಿಶನ್ನು ತಂದು ಇಡಿ, ಅದ್ರಲ್ಲೇ ಒಡೀತೀನಿ. ಇಲ್ದಿದ್ರೆ ಬೇರೆ ಯಾರ‍್ನಾದ್ರೂ ಕೂರಿಸ್ಕಳಿ’ ಎಂದಳು. ಕೋಪದಲ್ಲಿ ಹೇಳಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲ, ಮೆಲ್ಲಗೆ ಹೇಳಿದಳು. ಅಂಗಡಿ ಹೋದರೆ ನನಗೆ ಇನ್ನೊಂದು ಕೆಲಸ ಸಿಕ್ಕೀತು. ಆದರೆ ಅಷ್ಟು ಚೆನ್ನಾಗಿ ಕಲಿತವಳು ಆ ಕುರ್ಚಿಯಿಂದ ಒಂದು ಸಲ ಎದ್ದರೆ ಮತ್ತೆ ಕೂರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕಂಪ್ಯೂಟರ್ ಮಾರಿದ ಅಂಗಡಿಯಿಂದ ಸರ್ವಿಸ್ ಮಾಡುವವನನ್ನು ಕರೆದುಕೊಂಡು ಬಂದೆ. ಅವನು ನೋಡಿ ನಕ್ಕ. ‘ಅಕ್ಕಾ, ಇದು ಟೈಪ್‌ರೈಟರ್ ಅಲ್ಲ ಕಣಕ್ಕ. ಪ್ಯಾರಾ ಮುಗಿದ್ರೆ ಮಾತ್ರ ಎಂಟರ್ ಒಡೀಬೇಕು. ಸಾಲ್ನ ಅದೇ ನೋಡ್ಕೊತದೆ.’

‘ಮಾರುವಾಗ ಯಾಕಪ್ಪ ಯೋಳ್ಲಿಲ್ಲ?’ ಎಂದಳು ಇವಳು.

‘ನೀವ್ ಕೇಳ್ಲಿಲ್ವಲ್ಲ!’

ಆಮೇಲೆ ಅವನು ಹುಡುಕಿ ಬದಲಾಯಿಸುವ ಒಂದು ಉಪಾಯ ತೋರಿಸಿದ. ಹೈಫನ್ನೂ ಅದರ ಬೆನ್ನಿಗೆ ಎಂಟರೂ ಎಲ್ಲೆಲ್ಲಿ ಜೊತೆಯಾಗಿವೆಯೋ ಅಲ್ಲೆಲ್ಲ ಎರಡನ್ನೂ ಅಳಿಸು ಎಂದರೆ, ಒಂದೇ ಗುಂಡಿಗೆ ಪುಸ್ತಿಕೆ ಪೂರ್ತಿ ಅಳಿಸುತ್ತದೆ. ಪ್ಯಾರಾಗಳಿಗೆ ಮೊದಲೇ ಒಂದು ಗುರುತು ಹಾಕಿಟ್ಟುಕೊಂಡು, ಮಿಕ್ಕ ಎಂಟರುಗಳ ಜಾಗಕ್ಕೆ ಒಂದು ಖಾಲಿ ಜಾಗ ಕೊಟ್ಟ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಸಾಲುಗಳೆಲ್ಲ ನೀರು ಹರಿದ ಹಾಗೆ ಹರಿದು ಕೂತವು. ಅಕ್ಷರ ದೊಡ್ಡದು ಮಾಡಿದೆವು, ಚಿಕ್ಕದು ಮಾಡಿದೆವು, ಎಲ್ಲೂ ಮುರಿಯಲಿಲ್ಲ. ನಾನು ಅವನಿಗೆ ಹೋಟೆಲಿನಿಂದ ಮಸಾಲೆದೋಸೆ ತರಿಸಿದೆ. ಹೆಂಡತಿಯ ಮುಖ ಸಡಿಲವಾಗಿತ್ತು.

ಶನಿವಾರ ಮಧ್ಯಾಹ್ನ ಕೊನೆಯ ಸಲ ಓದಿ ಮುಗಿಸೋಣ ಎಂದು ಕೂತೆವು. ಅವಳ ಇನ್‌ಸ್ಟಿಟ್ಯೂಟಿನ ಪದ್ಧತಿ ಅದು: ಒಬ್ಬರು ಮೂಲ ನೋಡಿ ಕಾಮಾ, ಫುಲ್‌ಸ್ಟಾಪು ಸಮೇತ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪ್ರೂಫಿನ ಮೇಲೆ ಬೆರಳಿಟ್ಟುಕೊಂಡು ಹೋಗುವುದು. ಅವಳು ಓದಿದಳು, ನಾನು ಬೆರಳಿಟ್ಟೆ. ಅರ್ಥ ಪೂರ್ತಿ ಆಗದಿದ್ದರೂ ಪದದ ಆಕಾರ ನನ್ನ ಕಣ್ಣಿಗೆ ಬೀಳುತ್ತದಲ್ಲ.

‘ತಡಿ. ಈ ಫಾಲೋ-ಅಪ್ ಅನ್ನದು ಮೇಲ್ಗಡೆ ಬಂದಾಗ ನಡುವೆ ಅಡ್ಡಕಡ್ಡಿ ಇತ್ತು. ಇಲ್ಲಿ ಇಲ್ಲ, ಅಂಟ್ಕಂಡದೆ’ ಎಂದೆ.

ಅವಳು ಬಗ್ಗಿ ನೋಡಿದಳು. ಇನ್ನೊಂದು ಪುಟದಲ್ಲಿ ವೆಲ್-ನೋನ್ ಎಂಬುದೂ ಅಂಟಿಕೊಂಡು ಒಂದೇ ಪದವಾಗಿತ್ತು. ಯಂತ್ರ ಮಾರಿದ ಮೇಲಿನ ಸೇವೆ ಎನ್ನುವುದಕ್ಕೆ ಆಫ್ಟರ್-ಸೇಲ್ಸ್ ಎಂದಿರಬೇಕಾದ್ದೂ ಒಂದು ಕಡೆ ಹಾಗೇ. ಕೆಂಪು ಸುತ್ತು ಬಿದ್ದ ಹಳೆಯ ಪ್ರೂಫು ತೆಗೆದು ಅವೇ ಪದ ಹುಡುಕಿದವಳು ಹಣೆ ಚಚ್ಚಿಕೊಂಡಳು.

‘ಅಯ್ಯೋ, ಇವು ಸಾಲಿನ ಕೊನೇಲಿ ಬಿದ್ದಿದ್ದು ಕಣ್ರೀ! ಇವುಕ್ಕೆ ಒಳಗೇ ಹೈಫನ್ ಇತ್ತು, ಅಲ್ಲೇ ಮುರ‍್ದು ಎಂಟರ್ ಒಡ್ದಿದ್ದೆ. ನಾವ್ ಅಳ್ಸು ಅಂದಾಗ ಇವೂ ಅಳ್ಸೋದವು.’

ಅದು ಹಾಗೆ. ಪದ ಮುರಿಯಲು ಹಾಕಿದ ಹೈಫನ್ನೇ ಬೇರೆ, ಪದದೊಳಗೆ ಹುಟ್ಟಿನಿಂದಲೇ ಇರುವ ಹೈಫನ್ನೇ ಬೇರೆ. ಕಂಪ್ಯೂಟರಿಗೆ ಎರಡೂ ಒಂದೇ ಕಡ್ಡಿ. ಕಳೆ ಕೀಳು ಎಂದರೆ ಪೈರನ್ನೂ ಕಿತ್ತಿತ್ತು.

‘ಅಷ್ಟೇ ತಾನೆ? ಈಗ ಎಲ್ಲಾ ಫಾಲೋ-ಅಪ್ಪಿಗೂ ಕಡ್ಡಿ ಹಾಕು ಅಂತ ಒಂದೇ ಸಲಕ್ಕೆ ಯೋಳಿದ್ರಾಯ್ತು’ ಎಂದೆ ನಾನು.

‘ಆಗಕಿಲ್ಲ’ ಎಂದಳು. ‘ಅವ್ರು ಬರ‍್ದಿರದ್ರಲ್ಲಿ ಕೆಲವು ಕಡೆ ಬಿಡಿಬಿಡಿಯಾಗೇ ಅದೆ, ನೋಡಿ. ಯಾವ್ದು ಬೇಕಂತ್ಲೇ ಬಿಟ್ಟಿರದು, ಯಾವ್ದು ಮರ‍್ತಿರದು ಅಂತ ನಂಗೆ ಯೋಳಕ್ಕಾಗಲ್ಲ.’

ಮೂಲ ಪ್ರತಿ ಮ್ಯಾನೇಜರ ಕೈಬರಹ. ಅವಸರದಲ್ಲಿ ಬರೆದದ್ದು, ಕೆಲವು ಕಡೆ ಹೈಫನ್ನೋ ಪೆನ್ನು ಜಾರಿದ ಗುರುತೋ ಗೊತ್ತಾಗುತ್ತಿರಲಿಲ್ಲ. ಕೇಳಬೇಕೆಂದರೆ ಅವರನ್ನೇ ಕೇಳಬೇಕು. ಕೈಲಾಗಲ್ಲ ಎಂದರೆ ಹೇಳಿಬಿಡಿ ಎಂದವರ ಮನೆ ಬಾಗಿಲಿಗೆ ಹೋಗಿ ನಮಗೆ ಗೊತ್ತಾಗುತ್ತಿಲ್ಲ ಎನ್ನಬೇಕು. ಸಂಜೆಯವರೆಗೂ ನನಗೆ ಮನಸ್ಸೊಪ್ಪಲಿಲ್ಲ. ಕಡೆಗೆ ಹೆಂಡತಿಯೇ, ‘ನೀವ್ ಬರಕಿಲ್ಲ ಅಂದ್ರೆ ಬ್ಯಾಡ, ನಾನೊಬ್ಳೇ ಓಯ್ತೀನಿ. ಆ ಊರಿನ ಬೀದಿ ನಂಗೊತ್ತು’ ಎಂದು ಪ್ರೂಫನ್ನು ಚೀಲಕ್ಕೆ ತುಂಬಿದಳು. ಭಾನುವಾರ ಬೆಳಿಗ್ಗೆ ಇಬ್ಬರೂ ಹೊಳೆನರಸೀಪುರದ ಬಸ್ಸು ಹತ್ತಿದೆವು.

ಮ್ಯಾನೇಜರು ಜಗುಲಿಯಲ್ಲಿ ಪೇಪರು ಓದುತ್ತಾ ಕೂತಿದ್ದರು. ನಮ್ಮನ್ನು ನೋಡಿ ಕನ್ನಡಕ ತೆಗೆದರು. ‘ಏನು, ಆಗಲಿಲ್ವಾ?’ ಎಂದರು. ನಾನು ಬಾಯಿ ತೆರೆಯುವುದರೊಳಗೆ ಹೆಂಡತಿ ಪ್ರೂಫು ಬಿಡಿಸಿ ಅವರ ಮುಂದಿಟ್ಟು ಆದದ್ದೆಲ್ಲ ಹೇಳಿದಳು. ಗಂಟೆಯಿಂದ ಹಿಡಿದು ಹೇಳಿದಳು. ಅವರು ಕೇಳುತ್ತಾ ಕೇಳುತ್ತಾ ಮುಂದಕ್ಕೆ ಬಾಗಿದರು.

‘ಅಂದರೆ ಸಾಲಿನ ಕೊನೆಗೆ ಬಂದವು ಮಾತ್ರ ಹೋಗಿವೆ. ಮಧ್ಯ ಇದ್ದವು ಉಳಿದಿವೆ.’

‘ಹೌದು ಸಾರ್. ಅದಕ್ಕೇ ಒಂದೇ ಪದ ಎರಡು ಥರ ಆಗಿದೆ. ಕೆಲವು ನೀವೇ ಬಿಡಿಸಿ ಬರೆದಿದೀರಿ, ಅವು ಹಾಗೇ ಇರ‍್ಬೇಕೋ ಏನೋ ತಿಳೀಲಿಲ್ಲ.’ ಅವರ ಹತ್ತಿರ ಅವಳ ಮಾತು ತಾನಾಗಿ ಇನ್‌ಸ್ಟಿಟ್ಯೂಟಿನ ಮಾತಾಗುತ್ತಿತ್ತು.

ಅವರು ಪೆನ್ನು ತೆಗೆದರು. ‘ನೋಡಮ್ಮ. ಫಾಲೋ-ಅಪ್ ಅನ್ನೋದು ಒಂದು ವಸ್ತುವಿನ ಹೆಸರಿನ ಹಾಗೆ ಬಂದ್ರೆ, ಇಲ್ಲಾ ಫಾಲೋ-ಅಪ್ ವಿಸಿಟ್ ಅಂತ ಇನ್ನೊಂದು ಹೆಸರಿನ ಹಿಂದೆ ಬಂದ್ರೆ ಹೈಫನ್ ಹಾಕು. ನಮ್ಮ ಮೆಕ್ಯಾನಿಕ್ ಒಂದು ವಾರದಲ್ಲಿ ಫಾಲೋ ಅಪ್ ಮಾಡ್ತಾನೆ ಅನ್ನೋ ಕಡೆ ಇಂಗ್ಲಿಷಿನಲ್ಲಿ ಅದೇ ಕ್ರಿಯಾಪದ. ಅಲ್ಲಿ ಹಾಕ್ಬೇಡ, ಎರಡು ಪದ ಬಿಡಿಬಿಡಿ.’

‘ಮತ್ತೆ ವೆಲ್-ನೋನ್?’

‘ವೆಲ್-ನೋನ್ ಎಸ್ಟೇಟ್ಸ್. ಎಸ್ಟೇಟ್ ಅನ್ನೋ ಹೆಸರು ಮುಂದಿದೆ, ಆದ್ದರಿಂದ ಹೈಫನ್. ನಮ್ಮ ಪಲ್ಪರುಗಳು ಕೊಡಗಿನಲ್ಲಿ ವೆಲ್ ನೋನ್ ಅಂತ ವಾಕ್ಯದ ಕೊನೆಗೆ ಬಂದ್ರೆ ಬೇಡ. ಆಫ್ಟರ್-ಸೇಲ್ಸ್ ಸರ್ವಿಸ್ ಅಂದಾಗ ಹಾಕ್ಲೇಬೇಕು.’

ಹೆಂಡತಿ ತಲೆಯಾಡಿಸಿದಳು. ನನಗೂ ಅರ್ಥವಾಯಿತು ಅನ್ನಿಸಿತು. ‘ಎತ್ತು ಇದ್ದಂಗೆ ಸಾ’ ಎಂದೆ. ‘ಮುಂದೆ ಗಾಡಿ ಎಳೀಬೇಕಾದ್ರೆ ಜೋಡಿಗೆ ನೊಗ ಹಾಕ್ಬೇಕು. ಗಾಡಿ ಇಲ್ದಿದ್ರೆ ಬಿಚ್ಬುಡದು.’

ಮ್ಯಾನೇಜರು ಒಂದು ಕ್ಷಣ ನನ್ನನ್ನೇ ನೋಡಿದರು. ‘ವೆಲ್-ನೋನಿಗೆ ಸರಿ. ಫಾಲೋ-ಅಪ್ ಒಂಟಿಯಾಗಿ ನಿಂತಾಗ್ಲೂ ನೊಗ ಇಟ್ಕೊಂಡೇ ಇರುತ್ತೆ ಕಣ್ರೀ, ಆ ಎತ್ತಿನ ಮೇಲೆ ಪೂರ್ತಿ ಭರವಸೆ ಇಡ್ಬೇಡಿ’ ಎಂದು ನಕ್ಕರು. ನಾನೂ ನಕ್ಕೆ. ಆ ಮನೆಯ ಮೆಟ್ಟಿಲು ಹತ್ತಿದ ಮೇಲೆ ಮೊದಲ ಸಲ ಸರಿಯಾಗಿ ಉಸಿರು ಬಿಟ್ಟೆ.

ಅಲ್ಲೇ ಕೂತು ಮೂವರೂ ಓದಿದೆವು. ಅವರು ಓದುತ್ತಾ ಒಂದು ಕಡೆ ನಿಂತರು. ತಮ್ಮದೇ ಕೈಬರಹದ ಹಾಳೆ ತಿರುಗಿಸಿ, ‘ಇದು ನಾನೇ ಬರೆದಿದ್ದಾ? ಇಲ್ಲಿ ಹೈಫನ್ ಬೇಕಿತ್ತಲ್ಲ’ ಎಂದರು. ಒಳಗಿನಿಂದ ಕಾಫಿ ತರುತ್ತಿದ್ದ ಅವರ ತಾಯಿಯ ಕಿವಿಗೆ ಅದು ಬಿತ್ತು. ‘ಬೇರೆಯವರ ತಪ್ಪಿಗೆ ಕೆಂಪು ಶಾಯಿ ಹಾಕ್ತೀಯಲ್ಲೋ, ನಿನ್ನ ತಪ್ಪಿಗೆ ಯಾವ ಶಾಯಿನೋ?’ ಎಂದು ಕೇಳಿದರು ಆ ಮುದುಕಿ. ನನ್ನ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದಳು.

ಹೊರಡುವಾಗ ಮ್ಯಾನೇಜರು ಮತ್ತೆ ಮ್ಯಾನೇಜರಾದರು. ‘ಒಂದೇ ಗುಂಡಿ ಒತ್ತಿ ಎಲ್ಲಾ ಬದಲಾಯಿಸೋಕೆ ಹೋಗ್ಬೇಡಿ. ಹಾಗೆ ಮಾಡಿದ್ರೆ ಬೇಡದ ಕಡೆಯೆಲ್ಲಾ ಹೈಫನ್ ಬಂದು ಕೂರುತ್ತೆ. ಒಂದೊಂದೇ ನಿಂತು ನೋಡಿ. ನಾಳೆ ನಾನೂ ಚನ್ನರಾಯಪಟ್ಟಣಕ್ಕೆ ಬರ್ತೀನಿ. ಪ್ರಿಂಟ್ ನೋಡದೆ ಏನೂ ಹೇಳಲ್ಲ, ಯಜಮಾನರಿಗೂ ಅಷ್ಟೆ.’

ಹಾಸನಕ್ಕೆ ಬಂದವರೇ ಅಂಗಡಿಯ ಬಾಗಿಲು ತೆಗೆದೆವು. ಬದಲಾಯಿಸುವ ಗುಂಡಿಯನ್ನು ಅವಳು ಮುಟ್ಟಲಿಲ್ಲ, ಹುಡುಕುವುದನ್ನಷ್ಟೇ ಒತ್ತಿದಳು. ಪದ ಒಂದೊಂದಾಗಿ ಎದುರು ಬಂದು ನಿಲ್ಲುತ್ತಿತ್ತು. ಅವಳು ಅದರ ಮುಂದೆ ಏನಿದೆ ಎಂದು ನೋಡಿ, ‘ಕಟ್ಟು’ ಎನ್ನುತ್ತಿದ್ದಳು, ಇಲ್ಲವೇ ‘ಬಿಡು’. ನಾನು ಪ್ರೂಫಿನ ಕೆಂಪು ಗುರುತಿನ ಮೇಲೆ ಗೀಟು ಹಾಕುತ್ತಾ ಹೋದೆ. ಮ್ಯಾನೇಜರ ಕಣ್ಣು ತಪ್ಪಿಸಿಕೊಂಡಿದ್ದ ಒಂದನ್ನೂ ಅವಳು ಹಿಡಿದಳು. ಅದನ್ನು ಕೇಳಲು ಯಾರೂ ಇರಲಿಲ್ಲ, ಅವಳೇ ತೀರ್ಮಾನ ಮಾಡಿ ಬಿಡಿಸಿದಳು. ಪ್ರೆಸ್ಸಿಗೆ ಒಯ್ಯಲು ಪುಸ್ತಿಕೆಯನ್ನು ಫ್ಲಾಪಿ ಡಿಸ್ಕಿಗೆ ತುಂಬಿದೆವು.

ಸೋಮವಾರ ಚನ್ನರಾಯಪಟ್ಟಣದ ಪ್ರೆಸ್ಸಿನಲ್ಲಿ ಮೊದಲ ಹಾಳೆಗಳು ಹೊರಬಂದಾಗ ಮ್ಯಾನೇಜರು ಒಂದನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದರು. ನಿಂತೇ ಓದಿದರು. ಮುದ್ರಣ ಯಂತ್ರ ನಿಲ್ಲಿಸಿದ್ದರು, ಅವರು ಹೂಂ ಅನ್ನುವವರೆಗೆ ಉಳಿದದ್ದು ಓಡಿಸುವಂತಿರಲಿಲ್ಲ. ಪ್ರೆಸ್ಸಿನವನು ಬೀಡಿ ಹಚ್ಚಿಕೊಂಡು ಹೊರಗೆ ಹೋದ. ನಾನು ಶಾಯಿ ಡಬ್ಬಿಗಳ ಪಕ್ಕ ನಿಂತಿದ್ದೆ. ಇಷ್ಟು ವರ್ಷ ಎಷ್ಟೋ ಯಂತ್ರ ಬಿಚ್ಚಿ ಜೋಡಿಸಿ, ಓಡುತ್ತದೆಯೋ ಇಲ್ಲವೋ ಎಂದು ನೋಡಿದವನು. ಈ ಸಲ ಮಾತ್ರ ಆ ಕಡೆ ನೋಡಲಾಗದೆ ಡಬ್ಬಿಗಳ ಮೇಲಿನ ಅಕ್ಷರ ಎಣಿಸುತ್ತಿದ್ದೆ.

ಎರಡನೇ ಹಾಳೆಯಲ್ಲಿ ಅವರ ಬೆರಳು ನಿಂತಿತು. ‘ಏನಮ್ಮ, ಇಲ್ಲಿ ವೆಲ್ ನೋನ್ ಬಿಡಿಬಿಡಿಯಾಗಿದೆ. ನಾನಿಲ್ಲಿ ಗುರುತು ಹಾಕಿರ್ಲಿಲ್ವಾ?’

ಹೆಂಡತಿ ಹತ್ತಿರ ಹೋಗಿ ನೋಡಿದಳು.

‘ಇಲ್ಲ ಸಾರ್, ಇದು ನಿಮ್ಮ ಕಣ್ಣು ತಪ್ಪಿತ್ತು. ಅಂಟ್ಕೊಂಡಿತ್ತು. ಇದರ ಮುಂದೆ ಹೆಸರಿಲ್ಲ, ವಾಕ್ಯ ಅಲ್ಲಿಗೇ ಮುಗಿಯುತ್ತೆ. ಅದಕ್ಕೇ ಬಿಡಿಸಿದೆ.’

ಅವರು ಆ ಸಾಲನ್ನು ಮತ್ತೆ ಓದಿದರು. ತುಟಿಯಲ್ಲೇ ಇನ್ನೊಂದು ಸಲ ಓದಿಕೊಂಡರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿ, ಹೊರಗಿದ್ದ ಪ್ರೆಸ್ಸಿನವನಿಗೆ, ‘ಓಡಿಸಪ್ಪ’ ಎಂದರು.

ಯಂತ್ರ ಶುರುವಾಯಿತು. ಆ ಸದ್ದಿನಲ್ಲಿ ಅವರು ಗಟ್ಟಿಯಾಗಿ ಹೇಳಬೇಕಾಯಿತು: ‘ಬೆಂಗಳೂರಿನ ಮಾತು ಬಿಡಿ, ನಾನು ಯಜಮಾನರಿಗೆ ಹೇಳ್ತೀನಿ. ಬುಧವಾರ ಬಿಡಿಭಾಗಗಳ ಪಟ್ಟಿ ಕಳಿಸ್ತೀನಿ, ಅದನ್ನೂ ನಿಮ್ಮ ಮನೆಯವರೇ ಮಾಡ್ಲಿ. ಮತ್ತೆ ನನ್ನ ಕಾಗದಗಳನ್ನೂ ಒಂದು ಸಲ ಓದಿಬಿಡಮ್ಮ, ಅವು ಹೊರಗೆ ಹೋಗೋಕೆ ಮುಂಚೆ.’

‘ಆಯ್ತು ಸಾರ್’ ಎಂದಳು. ಅಷ್ಟೇ ಎಂದಳು. ಆದರೆ ಪ್ರೆಸ್ಸಿನಿಂದ ಆಚೆ ಬಂದು ರಸ್ತೆ ದಾಟುವಾಗ ನನ್ನ ತೋಳು ಹಿಡಿದುಕೊಂಡಳು. ಜನರೆದುರು ಎಂದೂ ಹಾಗೆ ಮಾಡಿದವಳಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಎರಡು ದಿನದಿಂದ ಏನು ತಿಂದಿದ್ದೆವೋ ಇಬ್ಬರಿಗೂ ನೆನಪಿರಲಿಲ್ಲ.

‘ಮಿಶನ್ನು ತಂದಿಡ್ಲಾ ಅಂಗಾದ್ರೆ, ಅದ್ರಲ್ಲೇ ಒಡ್ದೀಯಂತೆ?’ ಎಂದು ಕೆಣಕಿದೆ.

‘ಸುಮ್ಕೆ ತಿನ್ರೀ’ ಎಂದಳು, ನನ್ನ ತಟ್ಟೆಯ ಚಟ್ನಿಗೆ ಕೈ ಹಾಕುತ್ತಾ.

ಹಾಸನದ ಬಸ್ಸಿನಲ್ಲಿ ಅವಳು ಕಿಟಕಿಗೆ ಕೂತಳು. ಊರು ದಾಟುವುದರೊಳಗೆ ನಿದ್ದೆ ಹೋದಳು, ಅವಳ ಹಿಂದೆಯೇ ನಾನೂ. ಹಾಸನದಲ್ಲಿ ಎಲ್ಲರೂ ಇಳಿದು ಬಸ್ಸು ಖಾಲಿಯಾದ ಮೇಲೆ ಕಂಡಕ್ಟರು ಬಂದು ಸೀಟಿನ ಕಂಬಿ ತಟ್ಟಿದ. ‘ಏನ್ ಯಜಮಾನ್ರೇ, ಡಿಪೋಗೂ ಬತ್ತೀರಾ?’ ಎಂದ. ನಾವಿಬ್ಬರೂ ಚೀಲ ಹುಡುಕಿಕೊಂಡು ನಗುತ್ತಾ ಇಳಿದೆವು.